ಗುಂಪಿನಲ್ಲಿ ‘ಮೂರು ಚುಕ್ಕಿ ಒತ್ತಿ’ ಎನ್ನುವ ಮುಂಚೆ

ಪುಣೆಯ ಒಂದು ಕನ್ನಡ ಸಂಘದ ವಾಟ್ಸ್ಯಾಪ್ ಗುಂಪು ಎಂದಿಟ್ಟುಕೊಳ್ಳಿ. ಅದರಲ್ಲಿ 180 ಮಂದಿ ಇದ್ದಾರೆ. ಅವರಲ್ಲೊಬ್ಬರ ಖಾತೆಯನ್ನು ಯಾರೋ ಕದ್ದು, ಅವರ ಹೆಸರಿನಲ್ಲಿ ಉಳಿದವರ ಬಳಿ ದುಡ್ಡು ಕೇಳಿದ್ದಾರೆ. ಮರುದಿನ ಹಿರಿಯರೊಬ್ಬರು ಬರೆಯುತ್ತಾರೆ: ‘ಹೀಗಾಗದಂತೆ ನಮ್ಮ ವಾಟ್ಸ್ಯಾಪಿಗೂ ಒಂದು ಪಿನ್ ಹಾಕಿಕೊಳ್ಳಬಹುದಂತೆ. ಹೇಗೆ, ಯಾರಾದರೂ ಹೇಳ್ತೀರಾ?’ ಐದೇ ನಿಮಿಷದಲ್ಲಿ ಉತ್ತರ ಬರುತ್ತದೆ: ‘ಮೇಲೆ ಮೂರು ಚುಕ್ಕಿ ಒತ್ತಿ ಸರ್. Settings, Account, Two-step verification. ಅಷ್ಟೇ.’ ಕೆಳಗೆ ನಾಲ್ಕು ಜನ ಕೈಮುಗಿದ ಚಿತ್ರ ಹಾಕುತ್ತಾರೆ. ವಿಷಯ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ.

ಉತ್ತರದಲ್ಲಿ ತಪ್ಪೇನೂ ಇಲ್ಲ. ಬರೆದವರ ಕೈಯಲ್ಲಿರುವ ಫೋನಿಗೆ ಅದು ಅಕ್ಷರಶಃ ಸರಿ. ಆದರೂ ಅದನ್ನು ಓದಿ ಪಿನ್ ಹಾಕಿಕೊಳ್ಳಲಾಗದೆ ಸುಮ್ಮನಾದವರು ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ದಾರಿ ತಪ್ಪಿದ್ದು ಮೊದಲ ಹೆಜ್ಜೆಯಲ್ಲೇ, ಆ ಮೂರು ಚುಕ್ಕಿಯಲ್ಲಿ.

ಒಬ್ಬರಿಗೆ ಮಾತ್ರ ಉತ್ತರಿಸುವಾಗ ಫೋನ್ ಯಾವುದೆಂದು ಊಹಿಸುವುದು ದೊಡ್ಡ ಅಪರಾಧವಲ್ಲ. ನಮ್ಮ ದೇಶದಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್, ಹಾಗಾಗಿ ಊಹೆ ಸರಿಹೋಗುವ ಸಂಭವವೇ ಹೆಚ್ಚು. ತಪ್ಪಿದರೂ ಅವರು ಕೂಡಲೇ ‘ನನ್ನದರಲ್ಲಿ ಹಾಗೆ ಕಾಣ್ತಾ ಇಲ್ಲ’ ಎನ್ನುತ್ತಾರೆ, ನಾವು ‘ಓ, ಐಫೋನಾ?’ ಎಂದು ತಿದ್ದಿಕೊಳ್ಳುತ್ತೇವೆ. ಅಲ್ಲಿ ತಪ್ಪು ಊಹೆಗೆ ತೆರಬೇಕಾದದ್ದು ಇನ್ನೊಂದು ಸಂದೇಶ, ಅಷ್ಟೇ.

ಗುಂಪಿನಲ್ಲಿ ಈ ತಿದ್ದುಪಡಿ ನಡೆಯುವುದಿಲ್ಲ. ‘ಯಾವ ಫೋನು ಸರ್?’ ಎಂದು ಕೇಳಿದರೂ ಉತ್ತರ ಬರುವುದು ಪ್ರಶ್ನೆ ಕೇಳಿದವರಿಂದ ಮಾತ್ರ. ಅವರು ಸ್ಕ್ರೀನ್‌ಶಾಟ್ ಕಳಿಸಿದರೆ ಅವರ ಫೋನು ಗೊತ್ತಾಗುತ್ತದೆ, ಮಿಕ್ಕ 179 ಮಂದಿಯದ್ದು ಗೊತ್ತಾಗುವುದಿಲ್ಲ. ನಮ್ಮ ಸಂದೇಶವನ್ನು ಯಾರು ಯಾರು ಓದಿದರು ಎಂದು ಅದರ ವಿವರದಲ್ಲಿ ನೋಡಬಹುದು, ಆದರೆ ಯಾವುದರಲ್ಲಿ ಓದಿದರು ಎಂದು ಅದು ಹೇಳುವುದಿಲ್ಲ. ಇನ್ನು, 180 ಮಂದಿಯ ಎದುರು ‘ನನಗೆ ಆಗಲಿಲ್ಲ’ ಎಂದು ಬರೆಯಲು ಎಪ್ಪತ್ತರ ಹಿರಿಯರಿಗೆ ಸಂಕೋಚ. ಹೀಗಾಗಿ ಗುಂಪಿನಲ್ಲಿ ತಪ್ಪು ಊಹೆ ಸದ್ದಿಲ್ಲದೆ ಸೋಲುತ್ತದೆ. ನಮಗೆ ಕಾಣುವುದು ಕೈಮುಗಿದ ಚಿತ್ರಗಳು ಮಾತ್ರ.

‘ಹೆಚ್ಚಿನವರದ್ದು ಆಂಡ್ರಾಯ್ಡ್ ತಾನೇ, ಅದಕ್ಕೇ ಬರೆದರೆ ಸಾಕು’ ಎನ್ನುವವರಿದ್ದಾರೆ. ಲೆಕ್ಕವಾಗಿ ಅದು ಸರಿ. ಆದರೆ ಹೊರನಾಡಿನ ನಮ್ಮ ಗುಂಪುಗಳಲ್ಲಿ ಐಫೋನು ಯಾರ ಕೈಗೆ ಹೇಗೆ ಬಂದಿರುತ್ತದೆ ಎಂದು ಒಮ್ಮೆ ನೋಡಿ. ಮಗ ಹೊಸದು ಕೊಂಡಾಗ ಹಳೆಯದನ್ನು ಅಪ್ಪನಿಗೆ ಕೊಟ್ಟಿರುತ್ತಾನೆ. ಅಮೆರಿಕದಿಂದ ಬಂದ ಮಗಳು ಅಮ್ಮನ ಕೈಗೆ ಒಂದನ್ನು ಇಟ್ಟು ಹೋಗಿರುತ್ತಾಳೆ. ಫೋನನ್ನು ತಾವೇ ಆರಿಸಿಕೊಂಡವರಲ್ಲದ, ಪಕ್ಕದಲ್ಲಿ ಹೇಳಿಕೊಡುವವರೂ ಇಲ್ಲದ ಇವರೇ ಗುಂಪಿನ ಉತ್ತರವನ್ನು ಅತಿ ಹೆಚ್ಚು ನೆಚ್ಚಿಕೊಂಡವರು. ಬಹುಮತದ ಊಹೆ ಬಿಟ್ಟುಬಿಡುವುದು ಇವರನ್ನೇ.

ಈಗ ಆ ಮೂರು ಚುಕ್ಕಿಗೆ ಬರೋಣ. ಆಂಡ್ರಾಯ್ಡಿನ ವಾಟ್ಸ್ಯಾಪಿನಲ್ಲಿ ಚಾಟ್‌ಗಳ ಪಟ್ಟಿ ಕಾಣುವ ಪುಟದಲ್ಲಿ, ಮೇಲೆ ಬಲಕ್ಕೆ ಮೂರು ಚುಕ್ಕಿ ಇದೆ. ಒತ್ತಿದರೆ ಇಳಿಯುವ ಪಟ್ಟಿಯಲ್ಲಿ Settings ಇರುತ್ತದೆ. ಐಫೋನಿನಲ್ಲಿ ಅದಕ್ಕೆ ಹೋಗುವ ದಾರಿ ಪುಟದ ಕೆಳಗಿನ ಸಾಲಿನ ಬಲತುದಿಯಲ್ಲಿದೆ. ಐಫೋನಿನಲ್ಲೂ ಮೂರು ಚುಕ್ಕಿ ಉಂಟು, ಆದರೆ ಅದರ ಕೆಲಸ ಬೇರೆ: ಚಾಟ್‌ಗಳನ್ನು ಆಯ್ದುಕೊಳ್ಳುವುದು, ಇಂಥವು. ಚುಕ್ಕಿ ಇಲ್ಲದೇ ಹೋಗಿದ್ದರೆ ಓದುವವರಿಗೆ ‘ಇದು ನನ್ನ ಫೋನಿಗಲ್ಲ’ ಎಂದಾದರೂ ಹೊಳೆಯುತ್ತಿತ್ತು. ಇದ್ದು, ಬೇರೇನೋ ತೋರಿಸಿದಾಗ ಜನ ಅನುಮಾನಪಡುವುದು ತಮ್ಮನ್ನೇ.

ಆದರೆ ಇದಕ್ಕಿಂತ ದೊಡ್ಡ ತೊಡಕು ಆಂಡ್ರಾಯ್ಡ್ ಇರುವವರಿಗೇ ಎದುರಾಗುತ್ತದೆ. ಉತ್ತರವನ್ನು ಓದುವಾಗ ಅವರು ಎಲ್ಲಿದ್ದಾರೆ? ಗುಂಪಿನ ಒಳಗೆ. ಅಲ್ಲೂ ಮೇಲೆ ಬಲಕ್ಕೆ ಮೂರು ಚುಕ್ಕಿ ಇದೆ. ಅದನ್ನು ಒತ್ತಿದರೆ ತೆರೆಯುವುದು ಆ ಗುಂಪಿಗೆ ಸಂಬಂಧಿಸಿದ ಪಟ್ಟಿ: ಗುಂಪಿನ ಮಾಹಿತಿ, ಹುಡುಕಾಟ, ಸದ್ದು ಅಡಗಿಸುವುದು. Settings ಅಲ್ಲಿಲ್ಲ. ಹುಡುಕುತ್ತ ಇನ್ನೂ ಒಳಗೆ ಹೋದರೆ ಗುಂಪಿನಿಂದ ಹೊರಬರುವ ಗುಂಡಿ ಸಿಗುತ್ತದೆ. ಪಿನ್ ಹಾಕಲು ಹೊರಟವರು ‘ಲೆಫ್ಟ್’ ಆಗಿಬಿಟ್ಟರೆ ಆಶ್ಚರ್ಯವಿಲ್ಲ. ಉತ್ತರ ಬರೆದವರು ಫೋನನ್ನು ಸರಿಯಾಗಿಯೇ ಊಹಿಸಿದ್ದರು. ಓದುವವರು ನಿಂತ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ವಾದ ಇಲ್ಲಿಂದಲೇ ಶುರುವಾಗುತ್ತದೆ. ಗುಂಪಿನಲ್ಲಿ ಓದುವವರ ಫೋನು ನಮಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಆದರೆ ಅವರು ಎಲ್ಲಿದ್ದಾರೆ ಎಂಬುದು ನಮಗೆ ಖಚಿತವಾಗಿ ಗೊತ್ತು: ಎಲ್ಲರೂ ಇದೇ ಗುಂಪಿನೊಳಗೆ, ಇದೇ ಸಂದೇಶದ ಮುಂದೆ ಇದ್ದಾರೆ. ಹಾಗಾಗಿ ಊಹೆಯಿಂದಲ್ಲ, ಈ ಖಚಿತ ಸಂಗತಿಯಿಂದ ಹೊರಡಬೇಕು. ‘ಮೊದಲು ಈ ಗುಂಪಿನಿಂದ ಹಿಂದಕ್ಕೆ ಬಂದು, ಎಲ್ಲ ಚಾಟ್‌ಗಳ ಪಟ್ಟಿ ಕಾಣುವಂತೆ ಮಾಡಿಕೊಳ್ಳಿ’ ಎಂಬ ಹೆಜ್ಜೆ ಎರಡೂ ಬಗೆಯ ಫೋನಿಗೆ ಬೇಕು. ಐಫೋನಿನಲ್ಲೂ ಚಾಟ್ ಒಳಗಿರುವಾಗ ಕೆಳಗಿನ ಸಾಲು ಮರೆಯಾಗಿರುತ್ತದೆ.

ಎರಡನೆಯದು, ದಾರಿ ಕವಲೊಡೆಯುವುದು ಎಲ್ಲಿ, ಮತ್ತೆ ಕೂಡುವುದು ಎಲ್ಲಿ ಎಂದು ನೋಡಿಕೊಳ್ಳುವುದು. ಪಿನ್ ವಿಷಯದಲ್ಲಿ ಎರಡು ಫೋನುಗಳ ನಡುವಿನ ವ್ಯತ್ಯಾಸ Settings ಬಾಗಿಲಿನವರೆಗೆ ಮಾತ್ರ. ಒಳಗೆ ಹೋದಮೇಲೆ Account, ಅದರಲ್ಲಿ Two-step verification, ಎರಡರಲ್ಲೂ ಒಂದೇ. ಆದ್ದರಿಂದ ‘ಆಂಡ್ರಾಯ್ಡಿಗೆ ಹೀಗೆ, ಐಫೋನಿಗೆ ಹೀಗೆ’ ಎಂದು ಎರಡು ಪೂರ್ತಿ ಪಟ್ಟಿ ಬರೆಯಬೇಕಾಗಿಲ್ಲ. ಹಾಗೆ ಬರೆದರೆ ಸಂದೇಶ ಉದ್ದವಾಗಿ Read more ಹಿಂದೆ ಅಡಗುತ್ತದೆ, ಅದನ್ನು ಒತ್ತಿ ಓದುವವರು ಕಡಿಮೆ. ಒಂದು ಸಾಲಿನಲ್ಲಿ ಕವಲು ತೋರಿಸಿ, ಮುಂದಿನ ಸಾಲಿನಲ್ಲಿ ಕೂಡಿಸಿದರೆ ಸಾಕು. ನಾನಾದರೆ ಹೀಗೆ ಬರೆಯುತ್ತೇನೆ:

> *ವಾಟ್ಸ್ಯಾಪಿಗೆ ಆರು ಅಂಕಿಯ ಪಿನ್ ಹಾಕುವುದು*
> 1. ಇದನ್ನು ಫೋನಿನಲ್ಲೇ ಮಾಡಿ. ಕಂಪ್ಯೂಟರಿನಲ್ಲಿ ಓದುತ್ತಿದ್ದರೆ ಫೋನ್ ಕೈಗೆ ತೆಗೆದುಕೊಳ್ಳಿ.
> 2. ಈ ಗುಂಪಿನಿಂದ ಹಿಂದಕ್ಕೆ ಬನ್ನಿ. ಎಲ್ಲ ಚಾಟ್‌ಗಳ ಪಟ್ಟಿ ಕಾಣಬೇಕು.
> 3. ಆಂಡ್ರಾಯ್ಡ್ ಆದರೆ ಮೇಲೆ ಬಲಕ್ಕೆ ಮೂರು ಚುಕ್ಕಿ, ಅದರಲ್ಲಿ Settings. ಐಫೋನ್ ಆದರೆ ಕೆಳಗಿನ ಸಾಲಿನ ಬಲತುದಿ.
> 4. ಇಲ್ಲಿಂದ ಎಲ್ಲರಿಗೂ ಒಂದೇ: Account, ಆಮೇಲೆ Two-step verification.
> 5. ನಿಮಗೆ ನೆನಪಿರುವ ಆರು ಅಂಕಿ ಹಾಕಿ, ಕೇಳಿದಾಗ ಇನ್ನೊಮ್ಮೆ ಹಾಕಿ. ನಿಮ್ಮ ಇಮೇಲನ್ನೂ ಕೊಡಿ.
> 6. ಮತ್ತೆ ಅದೇ ಜಾಗಕ್ಕೆ ಹೋದಾಗ Change PIN ಎಂದು ಕಂಡರೆ ಆಯಿತು ಎಂದರ್ಥ.
> ಈ ಪಿನ್ ನೀವೇ ಆರಿಸಿಕೊಳ್ಳುವುದು, ಎಸ್ಸೆಮ್ಮೆಸ್ಸಿನಲ್ಲಿ ಬರುವುದಲ್ಲ. ಎರಡನ್ನೂ ಯಾರಿಗೂ ಹೇಳಬೇಡಿ.

ಇದರಲ್ಲಿ ಆರನೆಯ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ಒಬ್ಬರ ಜೊತೆ ಮಾತಾಡುವಾಗ ‘ಆಯ್ತಾ?’ ಎಂದು ನಾವೇ ಕೇಳುತ್ತೇವೆ. ಗುಂಪಿನಲ್ಲಿ ಆ ಪ್ರಶ್ನೆಗೆ ಉತ್ತರಿಸುವವರು ಇಬ್ಬರೋ ಮೂವರೋ. ಆಯಿತೋ ಇಲ್ಲವೋ ಎಂದು ಓದುವವರು ತಾವೇ, ಯಾರನ್ನೂ ಕೇಳದೆ ಕಂಡುಕೊಳ್ಳುವಂತೆ ಬರೆದರೆ ಸಂಕೋಚಪಡುವವರಿಗೂ ದಾರಿಯಾಗುತ್ತದೆ. ಇಮೇಲಿನ ಮಾತೂ ಸುಮ್ಮನೆ ಸೇರಿಸಿದ್ದಲ್ಲ. ಪಿನ್ ಮರೆತರೆ ಅದನ್ನು ಬದಲಿಸಿಕೊಳ್ಳಲು ಇಮೇಲ್ ಬೇಕು. ಕೊಟ್ಟಿರದಿದ್ದರೆ ಏಳು ದಿನ ಕಾಯಬೇಕಾಗಿ ಬರಬಹುದು.

ಕೊನೆಯ ಸಾಲಿಗೂ ಕಾರಣವಿದೆ. ಖಾತೆ ಕದಿಯುವವರು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ನೋಂದಾಯಿಸಲು ಹೊರಡುತ್ತಾರೆ. ಆಗ ನಮಗೆ ಎಸ್ಸೆಮ್ಮೆಸ್ಸಿನಲ್ಲಿ ಬರುವ ಸಂಕೇತವೂ ಆರು ಅಂಕಿಯದೇ. ಏನಾದರೂ ನೆಪ ಹೇಳಿ ಅದನ್ನು ನಮ್ಮಿಂದಲೇ ಕೇಳಿ ಪಡೆಯುತ್ತಾರೆ. ನಾವು ಆರಿಸಿದ ಪಿನ್ ಅದರ ಮೇಲೆ ಇನ್ನೊಂದು ಬೀಗ. ‘ಆರು ಅಂಕಿ’ ಎಂದಷ್ಟೇ ಬರೆದರೆ ಎರಡೂ ಕಲಸಿಹೋಗುತ್ತವೆ.

ಮೇಲಿನ ಮಾದರಿಯಲ್ಲಿ ತಲೆಬರಹ ಹಾಕಿದ್ದೇನೆ. ಗುಂಪಿನ ಒಳ್ಳೆಯ ಉತ್ತರ ಆ ಗುಂಪಿನಲ್ಲೇ ಉಳಿಯುವುದಿಲ್ಲ. ಪುಣೆಯಿಂದ ಮುಂಬೈನ ಮಹಿಳಾ ಮಂಡಳಿಗೆ, ಅಲ್ಲಿಂದ ಹೈದರಾಬಾದಿನ ಬೀಗರ ಮನೆಗೆ ಹೋಗುತ್ತದೆ. ಪ್ರಶ್ನೆಯನ್ನು ಎಳೆದು ಅದರ ಕೆಳಗೇ ಉತ್ತರ ಬರೆದಿದ್ದರೂ, ಫಾರ್ವರ್ಡ್ ಮಾಡಿದಾಗ ಪ್ರಶ್ನೆ ಉದುರಿ ಉತ್ತರ ಮಾತ್ರ ಹೋಗುತ್ತದೆ. ಯಾವ ವಿಷಯ, ಯಾವ ಫೋನು ಎಂಬುದು ಉತ್ತರದಲ್ಲೇ ಇರದಿದ್ದರೆ ಹೈದರಾಬಾದಿನಲ್ಲಿ ಓದಿದವರಿಗೆ ‘ಮೂರು ಚುಕ್ಕಿ’ಯ ತಲೆಬುಡ ತಿಳಿಯುವುದಿಲ್ಲ.

ಈ ಕ್ರಮ ಎಲ್ಲದಕ್ಕೂ ಹೊಂದುವುದಿಲ್ಲ. ಕೆಲವು ಕೆಲಸಗಳಲ್ಲಿ ಮೆಟ್ಟಿಲುಗಳ ಎಣಿಕೆಯೇ ಬೇರೆ. ನಮ್ಮ ಖಾತೆ ಬೇರೆ ಯಾವ ಯಂತ್ರಗಳಲ್ಲಿ ತೆರೆದಿದೆ ಎಂದು ತೋರಿಸುವ Linked devices ಆಂಡ್ರಾಯ್ಡಿನಲ್ಲಿ ಮೂರು ಚುಕ್ಕಿಯ ಪಟ್ಟಿಯಲ್ಲೇ ಸಿಗುತ್ತದೆ, ಐಫೋನಿನಲ್ಲಿ Settings ಒಳಗಿದೆ. ಇಲ್ಲಿ ವ್ಯತ್ಯಾಸ ಒಂದು ಮೆಟ್ಟಿಲಿನದು, ಒಂದೇ ಸಾಲಿನಲ್ಲಿ ಹೇಳಬಹುದು. ಆದರೆ ಫೋನಿನಲ್ಲಿ ಜಾಗ ತುಂಬಿದ್ದನ್ನು ಖಾಲಿ ಮಾಡುವಂಥ ಕೆಲಸದಲ್ಲಿ ದಾರಿಗಳು ಮೊದಲಿನಿಂದ ಕೊನೆಯವರೆಗೂ ಬೇರೆಯೇ. ಆಗ ಎರಡು ಪ್ರತ್ಯೇಕ ಸಂದೇಶ ಹಾಕಿ, ಪ್ರತಿಯೊಂದರ ಮೊದಲ ಪದವೇ ಫೋನಿನ ಹೆಸರಾಗಿರಲಿ. ಒಂದೇ ಬಗೆ ಗೊತ್ತಿದ್ದರೆ ‘ಇದು ಆಂಡ್ರಾಯ್ಡಿಗೆ ಮಾತ್ರ, ಐಫೋನ್ ಇರುವವರು ಯಾರಾದರೂ ಹೇಳಿ’ ಎಂದು ಬರೆದರೂ ಸಾಕು. ಆಗ ಐಫೋನಿನವರು ತಮ್ಮನ್ನು ಅನುಮಾನಿಸಿಕೊಳ್ಳುವುದಿಲ್ಲ, ಬಲ್ಲವರೊಬ್ಬರು ಮುಂದೆ ಬರುತ್ತಾರೆ. ಪ್ರಶ್ನೆ ಒಬ್ಬರಿಗೆ ಮಾತ್ರ ಸಂಬಂಧಿಸಿದ್ದಾದರೆ ಅವರಿಗೆ ಒಂದು ಫೋನ್ ಮಾಡುವುದೇ ಮೇಲು.

ಪರದೆಯ ಭಾಷೆಯೂ ಎಲ್ಲರದ್ದೂ ಒಂದೇ ಅಲ್ಲ. ನಮ್ಮವರ ಫೋನುಗಳು ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿವೆ, ಅಂಗಡಿಯವನು ಹಾಕಿಕೊಟ್ಟ ಹಿಂದಿಯಲ್ಲೂ ಮರಾಠಿಯಲ್ಲೂ ಇವೆ. Account ಎಂದು ಬರೆದರೆ ಅವರ ಪರದೆಯಲ್ಲಿ ಆ ಪದವೇ ಇರುವುದಿಲ್ಲ. ಎಲ್ಲ ಭಾಷೆಗಳಲ್ಲೂ ಬರೆಯಲಾಗದು. ಪಕ್ಕದಲ್ಲಿ ‘ಬೀಗದ ಕೈ ಚಿತ್ರ ಇರುವ ಸಾಲು’ ಎಂದು ಸೇರಿಸಬಹುದು. ಚಿತ್ರಕ್ಕೆ ಭಾಷೆ ಬೇಡ.

ಕಳಿಸಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ವಾಟ್ಸ್ಯಾಪಿನಲ್ಲಿ ಸಂದೇಶವನ್ನು ತಿದ್ದಲು 15 ನಿಮಿಷ ಮಾತ್ರ ಅವಕಾಶವಿದೆ. ಆ ಹೊತ್ತಿನೊಳಗೆ ಬರೆದದ್ದನ್ನು ಗುಂಪಿನ ಒಳಗಿನಿಂದಲೇ, ಒಂದೊಂದೇ ಸಾಲು ಓದುತ್ತ ನಾವೇ ಮಾಡಿ ನೋಡಬೇಕು. ಮನೆಯಲ್ಲಿ ಇನ್ನೊಂದು ಬಗೆಯ ಫೋನಿದ್ದರೆ ಅದನ್ನು ಇಟ್ಟುಕೊಂಡವರ ಕೈಯಲ್ಲೂ ಮಾಡಿಸಿ ನೋಡಬೇಕು. ಅವರು ಎಲ್ಲಿ ತಡವರಿಸಿದರೋ ಆ ಸಾಲನ್ನು ಆಗಲೇ ತಿದ್ದಿದರೆ, ಮುಂದಿನ ಊರಿಗೆ ಹೋಗುವುದು ತಿದ್ದಿದ ಉತ್ತರ.