ಮೆಟ್ಟಿಲನ್ನು ಫೋಟೋದಲ್ಲೇ ಅಳೆದಾಗ

ಓದುಗ ದಂಪತಿ ಕಳಿಸಿದ ಒಂದು ಫೋಟೋ ಈ ವಾರದ ವಿಷಯ. ಬೆಂಗಳೂರಲ್ಲಿ ಹಳೆಯದೊಂದು ಡ್ಯೂಪ್ಲೆಕ್ಸ್ ಮನೆ ನೋಡಿದ್ದಾರೆ, ಅಡ್ವಾನ್ಸ್ ಕೊಡೋದೊಂದು ಬಾಕಿ. ಊರಿಂದ ಅಮ್ಮ ಬಂದು ಇವರ ಜೊತೆಗೇ ಇರ್ತಾರೆ. ಅವರಿಗೆ ಮಂಡಿನೋವು, ಬೆಡ್‌ರೂಮುಗಳೆಲ್ಲ ಮೇಲಿನ ಮಹಡಿಯಲ್ಲಿ. "ಮೆಟ್ಟಿಲು ಸ್ವಲ್ಪ ಕಡಿದು ಅನ್ಸತ್ತೆ, ಆದ್ರೆ ಬ್ರೋಕರ್ ಅದೆಲ್ಲ ಸ್ಟ್ಯಾಂಡರ್ಡ್ ಸೈಜು ಅಂತಾರೆ. ಫೋಟೋ ನೋಡಿ ಹೇಳೋಕಾಗತ್ತಾ?" ಅನ್ನೋದು ಪ್ರಶ್ನೆ.

ಆಗುತ್ತದೆ. ಆದರೆ ಫೋಟೋದಲ್ಲಿ ಅಳತೆ ಗೊತ್ತಿರುವ ವಸ್ತು ಒಂದಿರಬೇಕು, ಅದೂ ಸರಿಯಾದ ಜಾಗದಲ್ಲಿ. ಇವರು ಕಳಿಸಿದ ಮೊದಲ ಫೋಟೋದಲ್ಲಿ ಮೆಟ್ಟಿಲ ಹಿಂದಿನ ಗೋಡೆಯಲ್ಲಿ ಏಳು ಅಡಿಯ ಬಾಗಿಲಿತ್ತು. ಅದನ್ನೇ ಅಳತೆಗೋಲು ಮಾಡಿಕೊಂಡರೆ ಒಂದೊಂದು ಮೆಟ್ಟಿಲೂ ಒಂಬತ್ತಿಂಚಿಗಿಂತ ಎತ್ತರ ಬರುತ್ತಿತ್ತು. ಕಾರಣ ಸರಳ. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ. ಕ್ಯಾಮೆರಾದಿಂದ ಮೆಟ್ಟಿಲ ಪಕ್ಕಕ್ಕೆ ನಾಲ್ಕು ಮೀಟರ್, ಗೋಡೆ ಅದರ ಹಿಂದೆ ಇನ್ನೂ 90 ಸೆಂಟಿಮೀಟರ್ ಅಂದರೆ ಲೆಕ್ಕ ಶೇ 22ರಷ್ಟು ಉಬ್ಬುತ್ತದೆ. ಅದಕ್ಕೇ ಎರಡನೇ ಸಲ ಹೋದಾಗ ಒಂದು ಎ4 ಹಾಳೆಯನ್ನು ಮೆಟ್ಟಿಲ ಪಕ್ಕದ ಮೈಗೇ, ನಮಗೆ ಕಾಣುವ ಆ ಗರಗಸದಂಥ ಅಂಚಿನ ಕೆಳಗೇ, ನೆಟ್ಟಗೆ ಅಂಟಿಸಲು ಹೇಳಿದೆ. ಸಾಧ್ಯವಾದಷ್ಟು ಹಿಂದೆ ಸರಿದು, ಫೋನನ್ನು ಮೆಟ್ಟಿಲ ಸಾಲಿನ ಅರ್ಧ ಎತ್ತರಕ್ಕೆ ಹಿಡಿದು, ವೈಡ್ ಲೆನ್ಸ್ ಬಿಟ್ಟು 2ಎಕ್ಸ್ ಝೂಮಿನಲ್ಲಿ ತೆಗೆಯಿರಿ ಅಂದೆ. ವೈಡ್ ಲೆನ್ಸ್ ಅಂಚಿನ ಮೆಟ್ಟಿಲುಗಳನ್ನು ಎಳೆದು ಹಿಗ್ಗಿಸುತ್ತದೆ.

ಫೋಟೋವನ್ನು ಲ್ಯಾಪ್‌ಟಾಪಿನ ಪೇಂಟ್‌ನಲ್ಲಿ ತೆರೆದರೆ ಕರ್ಸರ್ ಎಲ್ಲಿದೆ ಅಂತ ಕೆಳಗೆ ಪಿಕ್ಸೆಲ್ ಲೆಕ್ಕ ತೋರಿಸುತ್ತದೆ. ಹಾಳೆಯ ಉದ್ದ 297 ಮಿಲಿಮೀಟರ್, ಚಿತ್ರದಲ್ಲಿ ಅದು 198 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲಿಗೆ ಒಂದೂವರೆ ಮಿಲಿಮೀಟರ್. ಹಾಳೆಯ ಅಗಲ 210 ಮಿಲಿಮೀಟರ್, ಹಾಗಾಗಿ ಅದು 140 ಪಿಕ್ಸೆಲ್ ಇರಬೇಕು. ಇತ್ತು. 130 ಬಂದಿದ್ದರೆ ಫೋಟೋ ಓರೆಯಾಗಿ ತೆಗೆದಿದ್ದಾರೆ ಅಂತ ಅರ್ಥ, ಮುಂದಿನ ಲೆಕ್ಕ ವ್ಯರ್ಥ.

ಒಂದೇ ಮೆಟ್ಟಿಲನ್ನು ಅಳೆಯಬೇಡಿ, ಕರ್ಸರ್ ಎರಡು ಪಿಕ್ಸೆಲ್ ಆಚೀಚೆ ಆದರೂ ತಪ್ಪು ದೊಡ್ಡದಾಗುತ್ತದೆ. ನೆಲದಿಂದ ಲ್ಯಾಂಡಿಂಗ್‌ವರೆಗೆ ಇಡೀ ಸಾಲು ಅಳೆದು ಭಾಗಿಸಿ. ಇಲ್ಲಿ ಎತ್ತರ 1008 ಪಿಕ್ಸೆಲ್, ಅಂದರೆ 1512 ಮಿಲಿಮೀಟರ್. ನೆಲದಿಂದ ಲ್ಯಾಂಡಿಂಗಿಗೆ ಎಂಟು ಏರು. ಕೊನೆಯ ಏರು ಲ್ಯಾಂಡಿಂಗಿನ ಮೇಲೇ ಮುಗಿಯುವುದರಿಂದ ಕಾಲಿಡುವ ಹಲಗೆ ಏಳೇ. ಇದನ್ನು ಎಣಿಸುವಾಗ ಬಹಳ ಜನ ಎಡವುತ್ತಾರೆ. 1512ನ್ನು ಎಂಟರಿಂದ ಭಾಗಿಸಿದರೆ ಒಂದು ಏರಿಗೆ 189.

ಲ್ಯಾಂಡಿಂಗಿನಿಂದ ತಿರುಗಿ ಹೋಗುವ ಎರಡನೇ ಸಾಲು ಫೋಟೋದಲ್ಲಿ ಕಾಣೋದಿಲ್ಲ. ನೆಲದಿಂದ ಮೇಲಿನ ನೆಲಕ್ಕೆ ಹತ್ತಡಿ ಅಂತ ಮಾರುವವರು ಹೇಳಿದ್ದಾರೆ, ಅಂದರೆ 3048. ಅದರಲ್ಲಿ 1512 ಕಳೆದು ಉಳಿದ 1536ನ್ನು 189ರಿಂದ ಭಾಗಿಸಿದರೆ ಎಂಟರ ಹತ್ತಿರ ಬರುತ್ತದೆ. ಒಟ್ಟು ಹದಿನಾರು ಏರು.

ಇನ್ನು ಅಡ್ಡಳತೆ. ಗ್ರಾನೈಟ್ ಹಲಗೆಯ ಅಂಚು ಸ್ವಲ್ಪ ಮುಂದಕ್ಕೆ ಚಾಚಿರುತ್ತದಲ್ಲ, ಅದು ನೋಸಿಂಗ್. ಒಂದು ನೋಸಿಂಗಿನ ತುದಿಯಿಂದ ಮುಂದಿನದರ ತುದಿಗೆ ಅಡ್ಡಡ್ಡ ಎಷ್ಟು ದೂರವೋ ಅದು ಗೋಯಿಂಗ್. ಮೊದಲ ಮೆಟ್ಟಿಲ ತುದಿಯಿಂದ ಲ್ಯಾಂಡಿಂಗಿನ ತುದಿಗೆ 1108 ಪಿಕ್ಸೆಲ್, ಅಂದರೆ 1662 ಮಿಲಿಮೀಟರ್. ಏಳರಿಂದ ಭಾಗಿಸಿದರೆ 237. ಬ್ರೋಕರ್ "ಹಲಗೆ ಹತ್ತಿಂಚಿನ ಮೇಲೇ ಇದೆ ಸಾರ್, ಟೇಪ್ ಹಿಡಿದು ನೋಡಿ" ಅಂದಿದ್ದರಂತೆ. ಸುಳ್ಳಲ್ಲ. ನೋಸಿಂಗ್ 25 ಮಿಲಿಮೀಟರ್ ಚಾಚಿದೆ, ಅದನ್ನೂ ಸೇರಿಸಿದರೆ ಹಲಗೆ 262 ಮಿಲಿಮೀಟರ್, ಹತ್ತೂಕಾಲು ಇಂಚು. ಆದರೆ ಆ ಒಂದಿಂಚು ಕೆಳಗಿನ ಹಲಗೆಯ ಮೇಲೆ ಮುಚ್ಚಿಕೊಂಡಿರುವ ಭಾಗ. ಇಳಿಯುವ ಕಾಲಿಗೆ ಸಿಗೋದು 237 ಮಾತ್ರ.

ಈಗ ಸುಖದ ಸೂತ್ರ. ಹದಿನೇಳನೇ ಶತಮಾನದ ಫ್ರಾನ್ಸಿನ ಫ್ರಾಂಸ್ವಾ ಬ್ಲೊಂಡೆಲ್ ಕೊಟ್ಟದ್ದು. ಸಮತಟ್ಟು ನೆಲದ ಮೇಲೆ ಒಂದು ಹೆಜ್ಜೆ ಸುಮಾರು ಎರಡಡಿ, ಒಂದಿಂಚು ಮೇಲಕ್ಕೆ ಹತ್ತಿದರೆ ಮುಂದಿನ ನಡೆಯಲ್ಲಿ ಎರಡಿಂಚು ಕಮ್ಮಿ ಮಾಡಬೇಕು ಅನ್ನೋದು ಅವನ ತರ್ಕ. ಹಾಗಾಗಿ ಎರಡು ಏರು ಮತ್ತು ಒಂದು ಗೋಯಿಂಗ್ ಕೂಡಿದರೆ ಸುಮಾರು 600ರಿಂದ 650 ಮಿಲಿಮೀಟರ್ ಬರಬೇಕು. ನಮ್ಮ ಲೆಕ್ಕ: 378 + 237 = 615. ಪಾಸ್!

ಇಲ್ಲೇ ನಿಲ್ಲಿಸಿದರೆ ಬ್ರೋಕರ್ ಗೆದ್ದ ಹಾಗೆ. ಸೂತ್ರ ಮೊತ್ತವನ್ನಷ್ಟೇ ನೋಡುತ್ತದೆ. ಏರು 220, ಗೋಯಿಂಗ್ 190 ಇರುವ ಏಣಿಯಂಥ ಮೆಟ್ಟಿಲಿಗೂ 630 ಬಂದು ಅದೂ ಪಾಸಾಗುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ವಾಸದ ಮನೆಗಳಲ್ಲಿ ಏರು 190 ದಾಟಬಾರದು, ಹಲಗೆ ನೋಸಿಂಗ್ ಬಿಟ್ಟು 250ಕ್ಕಿಂತ ಕಮ್ಮಿ ಇರಬಾರದು. 237 ಅಲ್ಲಿ ಫೇಲು. ಹತ್ತುವಾಗ ಇದು ಅಷ್ಟು ಗೊತ್ತಾಗೋದಿಲ್ಲ, ಮುಂಗಾಲು ಇಟ್ಟು ಹತ್ತಿಬಿಡ್ತೀವಿ. ಇಳಿಯುವಾಗ ಪಾದ ಪೂರ್ತಿ ಹಿಡಿಸದೆ ಬೆರಳು ಅಂಚಿನಾಚೆ ಬರುತ್ತದೆ, ಅಥವಾ ಪಾದವನ್ನು ಓರೆ ಮಾಡಿ ಇಳಿಯಬೇಕಾಗುತ್ತದೆ. ಮಂಡಿನೋವಿನವರಿಗೆ ಇಳಿಯೋದೇ ಹೆಚ್ಚು ಕಷ್ಟ.

ಫೋಟೋದಲ್ಲಿ ಇನ್ನೊಂದೂ ಕಂಡಿತು. ಮೊದಲ ಮೆಟ್ಟಿಲು ಕುಳ್ಳಗಿದೆ, ಬರೀ 107 ಪಿಕ್ಸೆಲ್, ಅಂದರೆ ಸುಮಾರು 160 ಮಿಲಿಮೀಟರ್. ಕೇಳಿದರೆ ಕೆಳಗಿನ ನೆಲಕ್ಕೆ ಹಳೇ ಟೈಲ್ ಕೀಳದೆ ಅದರ ಮೇಲೇ ಹೊಸದು ಹಾಕಿಸಿದ್ದಾರಂತೆ. ಆಗ ಉಳಿದ ಏಳು ಏರುಗಳ ಸರಾಸರಿ 193. ಕೋಡಿನ ಒಳಗೇ ಇದೆ ಅಂದುಕೊಂಡಿದ್ದ 189, ಈ ಕುಳ್ಳ ಮೆಟ್ಟಿಲನ್ನೂ ಸೇರಿಸಿ ಭಾಗಿಸಿದ್ದರಿಂದ ಬಂದದ್ದು! ನನ್ನ ಪ್ರಕಾರ ಇಡೀ ಫೋಟೋದಲ್ಲಿ ಹೆಚ್ಚು ಅಪಾಯದ್ದು ಈ 33 ಮಿಲಿಮೀಟರ್ ವ್ಯತ್ಯಾಸ. ಎರಡು ಮೆಟ್ಟಿಲು ಇಳಿದ ಮೇಲೆ ಕಾಲು ಎತ್ತರವನ್ನು ನೆನಪಿಟ್ಟುಕೊಂಡುಬಿಡುತ್ತದೆ, ಕೊನೆಯಲ್ಲಿ ನೆಲ ಅಂದುಕೊಂಡದ್ದಕ್ಕಿಂತ ಮೊದಲೇ ಬಂದರೆ ಮುಗ್ಗರಿಸೋದು ಗ್ಯಾರಂಟಿ.

ಇಂಥ ಫೋಟೋ ಲೆಕ್ಕದಲ್ಲಿ ಶೇ ಒಂದೆರಡು ತಪ್ಪು ಇದ್ದೇ ಇರುತ್ತದೆ. ಹಾಗಾಗಿ 193 ಹಿಡಿದು "190 ದಾಟಿದೆ" ಅಂತ ಜಗಳಕ್ಕೆ ಹೋಗಬೇಡಿ. 237 ಮತ್ತು 250ರ ನಡುವೆ ಶೇ ಐದು ಇದೆ, ಅದು ಬಹುಶಃ ನಿಜ. 160 ಮತ್ತು 193ರ ಅಂತರ ಮಾತ್ರ ಅನುಮಾನವಿಲ್ಲದ್ದು.

ಸರಿ ಮಾಡಿಸೋಕಾಗತ್ತಾ? ಕುಳ್ಳ ಮೆಟ್ಟಿಲನ್ನು ಆಗುತ್ತದೆ: ಮೆಟ್ಟಿಲ ಬುಡದಲ್ಲಿ ಒಂದು ಮೀಟರಿನಷ್ಟು ಹೊಸ ಟೈಲ್ ಕಿತ್ತರೆ ಆಯಿತು ಅಂತ ಮೇಸ್ತ್ರಿ ಹೇಳಿಬಿಡಬಹುದು. ಬೇಡ. ಎಡವುವ ಜಾಗ ಮುಂದಕ್ಕೆ ಸರಿಯುತ್ತದೆ ಅಷ್ಟೇ, ಕೀಳೋದಾದರೆ ಇಡೀ ಹಾಲ್ ಕೀಳಿಸಬೇಕು. ಗೋಯಿಂಗ್ ಇನ್ನೂ ಕಷ್ಟ. ಅದೇ ಎತ್ತರವನ್ನು ಒಂಬತ್ತು ಏರು ಮಾಡಿದರೆ ಒಂದೊಂದೂ 168, ಗೋಯಿಂಗ್ 270 ಇಟ್ಟರೆ ಮೊತ್ತ 606. ಚೆನ್ನಾಗಿದೆ, ಆದರೆ ಎಂಟು ಹಲಗೆಗೆ 2160 ಬೇಕು, ಈಗಿರೋದು 1662. ಅರ್ಧ ಮೀಟರ್ ಹಾಲಿನೊಳಗೆ ಬರಬೇಕು, ಹಳೇ ಕಾಂಕ್ರೀಟ್ ಒಡೆದು ಹೊಸದು ಹಾಕಬೇಕು.

ಅವರಿಗೆ ನಾನು ಬರೆದದ್ದು ಇಷ್ಟು: ಶನಿವಾರ ಟೇಪ್ ತಗೊಂಡು ಹೋಗಿ, ಕೆಳಗಿನ ಮೂರು ಏರನ್ನು ಒಂದೊಂದಾಗಿ ಅಳೆಯಿರಿ, ಗೋಯಿಂಗನ್ನು ನೋಸಿಂಗಿನಿಂದ ನೋಸಿಂಗಿಗೆ ಅಳೆಯಿರಿ. ಅಮ್ಮನ್ನೂ ಕರ್ಕೊಂಡು ಹೋಗಿ, ಕಂಬಿ ಹಿಡಿದು ಒಂದು ಸಲ ನಿಧಾನವಾಗಿ ಇಳಿಯಲಿ. ಕೆಳಗಿನ ಸ್ಟಡಿ ರೂಮಿಗೆ ಅಟ್ಯಾಚ್ಡ್ ಬಾತ್‌ರೂಮ್ ಮಾಡಿಸೋಕೆ ನೀರಿನ ಪೈಪು, ಸ್ಯಾನಿಟರಿ ಲೈನು ಹತ್ತಿರ ಇದೆಯಾ ಅಂತಲೂ ಅದೇ ದಿನ ನೋಡ್ಕೊಂಡು ಬನ್ನಿ. ಇಲ್ಲ ಅಂದ್ರೆ ಅಡ್ವಾನ್ಸ್ ಕೊಡಬೇಡಿ.