ಉಪಸಂಹಾರದಲ್ಲಿ ಅಡಗಿದ ವಾದ

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಪ್ರೌಢಶಾಲೆಯಿಂದಲೇ ರೂಢಿಸಿಕೊಂಡು ಬಂದಿರುತ್ತಾರೆ. ತತ್ತ್ವಶಾಸ್ತ್ರದ ಪ್ರಬಂಧಕ್ಕೆ ಅದು ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬರೆಯುತ್ತ ಹೋದಂತೆ ಹೊಳೆದ ಒಳ್ಳೆಯ ವಾದವು ಕೊನೆಗೆ ಬಂದು ನಿಲ್ಲುತ್ತದೆ. ಅದನ್ನು ಪರೀಕ್ಷಿಸಲು ಅಲ್ಲಿ ಜಾಗವೇ ಉಳಿದಿರುವುದಿಲ್ಲ.

ರೂಸೋನ ‘ಎಮಿಲ್’ (1762) ಕುರಿತ ಐದು ಪ್ಯಾರಾಗಳ ಪ್ರಬಂಧವೊಂದನ್ನು ಊಹಿಸಿಕೊಳ್ಳೋಣ. ಮೊದಲನೆಯದರಲ್ಲಿ ರೂಸೋನ ಜೀವನ, ಎರಡನೆಯದರಲ್ಲಿ ಪ್ರಕೃತಿವಾದದ ಲಕ್ಷಣಗಳು, ಮೂರನೆಯದರಲ್ಲಿ ನೈಸರ್ಗಿಕ ಪರಿಣಾಮಗಳ ಮೂಲಕ ಶಿಸ್ತು. ಅರವತ್ತು ಮಕ್ಕಳ ತರಗತಿಯಲ್ಲಿ ಇದು ಕಷ್ಟ ಎಂಬುದು ನಾಲ್ಕನೆಯದು. ಕೊನೆಯ ಪ್ಯಾರಾದ ನಡುವೆ ಒಂದು ಪ್ರಶ್ನೆ: ಮಗುವಿನ ಸುತ್ತಲಿನದೆಲ್ಲವನ್ನೂ ಶಿಕ್ಷಕನೇ ಏರ್ಪಡಿಸಿದ್ದರೆ ಪರಿಣಾಮ ನೈಸರ್ಗಿಕವಾಗುವುದು ಹೇಗೆ? ನಾಲ್ಕನೆಯ ಪ್ಯಾರಾ ಆ ವಿಧಾನದ ಅನುಕೂಲವನ್ನಷ್ಟೇ ಪ್ರಶ್ನಿಸುತ್ತದೆ. ಈ ಪ್ರಶ್ನೆ ಪರಿಕಲ್ಪನೆಯ ಬುಡಕ್ಕೇ ಹೋಗುತ್ತದೆ.

ಇಂಥ ವಾದವನ್ನು ಪತ್ತೆಹಚ್ಚಲು, ಪ್ರತಿ ಪ್ಯಾರಾ ಏನನ್ನು ವಾದಿಸುತ್ತದೆ ಎಂಬುದನ್ನು ಅಂಚಿನಲ್ಲಿ ಒಂದೇ ವಾಕ್ಯದಲ್ಲಿ ಬರೆಸಬೇಕು. ಮೊದಲೆರಡರ ಪಕ್ಕದಲ್ಲಿ ವಿಷಯದ ಹೆಸರು ಬರೆಯಬಹುದು, ವಾದ ಬರೆಯಲಾಗದು. ಬಳಿಕ ಒಂದೊಂದನ್ನೇ ಕೈಯಿಂದ ಮುಚ್ಚಿ, ತೀರ್ಮಾನ ಉಳಿಯುತ್ತದೆಯೇ ಎಂದು ಕೇಳಬೇಕು. ಜೀವನಚರಿತ್ರೆ ಮುಚ್ಚಿದರೂ ತೀರ್ಮಾನಕ್ಕೆ ಏನೂ ಆಗುವುದಿಲ್ಲ.

ಆಗ ಕೊನೆಯ ಪ್ಯಾರಾವನ್ನು ಇಡಿಯಾಗಿ ಮೇಲಕ್ಕೆತ್ತಿ ಇಡುವುದು ಸಾಮಾನ್ಯ ತಪ್ಪು. ‘ನೈಸರ್ಗಿಕ ಪರಿಣಾಮ’ ಎಂದರೇನೆಂದು ಓದುಗರಿಗೆ ಇನ್ನೂ ಗೊತ್ತಿಲ್ಲ. ‘ಆದ್ದರಿಂದ’ ಎಂಬ ಪದಕ್ಕೆ ಹಿಂದಿನ ಆಧಾರವೂ ಇಲ್ಲ. ಮೇಲಕ್ಕೆ ಹೋಗಬೇಕಾದದ್ದು ಪ್ರತಿಪಾದನೆ ಮಾತ್ರ: ರೂಸೋ ಹೇಳುವ ನೈಸರ್ಗಿಕ ಶಿಸ್ತು ಮರೆಯಲ್ಲಿ ನಿಂತ ಶಿಕ್ಷಕನ ಶಿಸ್ತೇ. ಎರಡನೆಯ ಪ್ಯಾರಾದಲ್ಲಿ ಪರಿಕಲ್ಪನೆಯ ವಿವರಣೆ ಬರಲಿ. ಮೂರನೆಯದರಲ್ಲಿ ರೂಸೋನದೇ ಉದಾಹರಣೆ ಬರಲಿ. ಮಗು ಕಿಟಕಿಯ ಗಾಜು ಒಡೆದರೆ ತಣ್ಣನೆಯ ಗಾಳಿ ತಾನಾಗಿಯೇ ಬರುತ್ತದೆ ನಿಜ. ಆದರೆ ಗಾಜನ್ನು ಸರಿಪಡಿಸದೆ ಬಿಡುವುದು ಹಿರಿಯರ ನಿರ್ಧಾರ. ಮತ್ತೆ ಒಡೆದರೆ ಕಿಟಕಿಯಿಲ್ಲದ ಕತ್ತಲ ಕೋಣೆಯಲ್ಲಿ ಕೂಡಿಹಾಕುವುದಂತೂ ನೇರವಾಗಿ ಹಿರಿಯರದೇ ಕೆಲಸ.

ಹೀಗೆ ಉಳಿದ ಜಾಗ ನಾಲ್ಕನೆಯ ಪ್ಯಾರಾದಲ್ಲಿ ರೂಸೋನ ಉತ್ತರಕ್ಕೆ ಸಿಗುತ್ತದೆ. ಶಿಕ್ಷಕನ ಈ ಹಿಡಿತವನ್ನು ಅವನು ಮುಚ್ಚಿಡುವುದಿಲ್ಲ. ವಸ್ತುಗಳಿಗೆ ಒಳಪಡುವುದರಿಂದ ಮಗುವಿಗೆ ಕೇಡಿಲ್ಲ, ಇನ್ನೊಬ್ಬರ ಇಚ್ಛೆಗೆ ಒಳಪಡುವುದರಿಂದ ಕೇಡು ಎಂಬುದು ಅವನ ನಿಲುವು. ಹಾಗಾದರೆ ಆ ಇಚ್ಛೆ ಮಗುವಿಗೆ ಕಾಣದಿದ್ದರೆ ಸಾಕೇ? ಪ್ರಶಿಕ್ಷಣಾರ್ಥಿ ಕೊನೆಯ ಪ್ಯಾರಾದಲ್ಲಿ ಉತ್ತರಿಸಬೇಕಾದದ್ದು ಇದನ್ನು. ಅರವತ್ತು ಮಕ್ಕಳ ಮಾತು ಈ ಪ್ರಬಂಧಕ್ಕೆ ಬೇಕಿಲ್ಲ.

ಇಂಥ ಪ್ರಬಂಧದ ಅಡಿಯಲ್ಲಿ ನಾವು ‘ಮುಕ್ತಾಯ ಚೆನ್ನಾಗಿದೆ’ ಎಂದು ಬರೆದು ಅಂಕ ಕೊಟ್ಟುಬಿಡುತ್ತೇವೆ. ‘ನಿಮ್ಮ ಪ್ರಬಂಧ ಇಲ್ಲಿಂದ ಆರಂಭವಾಗಲಿ’ ಎಂದು ಬರೆದು, ಅಂಕ ಹಾಕುವ ಮೊದಲೇ ಹಿಂದಿರುಗಿಸುವುದು ಸರಿ.