ಆರನೇ ಲೋಟದ ಗಾಬರಿ
ತಿರುಪ್ಪೂರಿನ ಬನಿಯನ್ ಕಂಪನಿಗಳ ರಾತ್ರಿ ಪಾಳಿ ಓಡುವುದು ಕರೆಂಟಿನಷ್ಟೇ ಟೀ ಕ್ಯಾನಿನಿಂದಲೂ. ಆರ್ಡರ್ ಮುಗಿಸುವ ಅವಸರದಲ್ಲಿ ಆರು ಲೋಟ ಇಳಿಸಿದ ನಮ್ಮ ದೇವಾಂಗರ ಹುಡುಗನೊಬ್ಬ ಈ ವಾರ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ. ಓಡಿದ್ದು ಸರಿಯೇ; ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಮಿದುಳಿಗೆ ದಣಿವು ತಿಳಿಸುವ ಅಡಿನೋಸಿನ್‌ಗೆ ಟೀಯ ಕೆಫೀನ್ ಅಡ್ಡ ಬರುತ್ತದೆ, ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ. ಆತಂಕದ ಸ್ವಭಾವದವರು ಮಾತ್ರ ಹಾರ್ಟ್ ಅಟ್ಯಾಕೇ ಎಂದು ಬೆದರುತ್ತಾರೆ. ಆ ಹೆದರಿಕೆಗೆ ಇನ್ನಷ್ಟು ಅಡ್ರಿನಲಿನ್ ಸುರಿಯುತ್ತದೆ. ಕಳ್ಳನಿಲ್ಲದಿದ್ದರೂ ತನ್ನ ಕೂಗಿಗೆ ತಾನೇ ಹೆದರಿ ಮತ್ತೂ ಕೂಗುವ ಕಾವಲುಗಾರನ ಪಾಡು ಇದು. ಹಾಗೆಂದು ಟೀ ಒಮ್ಮೆಲೇ ಬಿಟ್ಟರೆ ಮರುದಿನವೇ ತಲೆನೋವು, ಸಿಡುಕು. ಸೋತು ಮತ್ತೆ ಕ್ಯಾನಿನ ಮುಂದೆ ನಿಲ್ಲುತ್ತೇವೆ. ಮೂರ್ನಾಲ್ಕು ದಿನಕ್ಕೊಂದು ಲೋಟ ಕಮ್ಮಿ ಮಾಡುತ್ತ ಬರುವುದೇ ಜಾಣತನ. ಮೊದಲು ಬಿಡಬೇಕಾದ್ದು ಪಾಳಿಯ ಕೊನೆಯ ಲೋಟ: ಸುಮಾರು 5 ಗಂಟೆಯ ಬಳಿಕವೂ ಅರ್ಧ ಕೆಫೀನ್ ಮೈಯಲ್ಲೇ ಉಳಿದು ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟವರಿಗೆ ಗಾಬರಿ ಬೇಗ. ಮನೆಯ ಫಿಲ್ಟರ್ ಕಾಫಿಗೆ ಚಿಕೋರಿ ಹೆಚ್ಚಿರುವ ಪುಡಿ ತನ್ನಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಲೋಟ ಇಳಿದರೂ ಗಾಬರಿ ಇಳಿಯದಿದ್ದರೆ ಮನೋವೈದ್ಯರನ್ನು ಕಾಣಬೇಕು, ಟೀಯನ್ನು ಬೈದು ಪ್ರಯೋಜನವಿಲ್ಲ.